ಝರಿಕೋ ಪಂಪಿಗೆ ಹೊಂದುವ ನಾಜಲ್

ಮಗಳಿಗೆ ರಾಗಿ ಸರಿ ತಿನ್ನಿಸುತ್ತಿದ್ದಾಗಲೇ ಸಂಧ್ಯಾರಾಣಿಯ ಮೊಬೈಲಿಗೆ ಆ ಮೇಲ್ ಬಂದದ್ದು. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಫೋನು. ಮೇಲ್ ಓದಿ ಮುಗಿಸುವಷ್ಟರಲ್ಲಿ ಎರಡು ವರ್ಷದ ಮಗಳು ಬಟ್ಟಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದಳು.

ಆನ್‌ಲೈನ್ ಮಾರಾಟದ ಆ್ಯಪ್‌ನವರು ಬರೆದಿದ್ದರು. ನೀವು ಹಾಕಿರುವ ಮೂರು ಸಾಮಾನುಗಳ ಮೇಲೆ ಟ್ರೇಡ್‌ಮಾರ್ಕ್ ದೂರು ಬಂದಿದೆ. ಮೂರನ್ನೂ ತೆಗೆದಿದ್ದೇವೆ. ಏಳು ದಿನದೊಳಗೆ ದಾಖಲೆ ಸಮೇತ ಉತ್ತರ ಕೊಡದಿದ್ದರೆ ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚುತ್ತೇವೆ.

ಶಾಶ್ವತವಾಗಿ ಎಂಬ ಮಾತನ್ನು ಅವಳು ಮತ್ತೆ ಮತ್ತೆ ಓದಿದಳು.

ದಾವಣಗೆರೆಯಲ್ಲಿ ಓದಿ ಬೆಳೆದವಳು, ಬಿ.ಕಾಂ. ಮಾಡಿದವಳು, ಮದುವೆಯಾಗಿ ನ್ಯಾಮತಿಗೆ ಬಂದ ಮೇಲೆ ಬಸುರು, ಬಾಣಂತನ, ಚುಚ್ಚುಮದ್ದಿನ ತಾರೀಖು, ರಾತ್ರಿ ಮೂರು ಸಲ ಮಗುವಿನ ಹಣೆ ಮುಟ್ಟಿ ನೋಡುವ ಚಾಳಿ, ಇಷ್ಟರಲ್ಲೇ ಕಳೆದುಹೋಗುತ್ತೇನೇನೋ ಎಂದು ಹೆದರಿದ್ದಳು. ಆ ಹೆದರಿಕೆಗೆ ಅವಳೇ ಕಂಡುಕೊಂಡ ಮದ್ದು ಈ ಖಾತೆ. ಮಾವ ಪಂಚಾಕ್ಷರಪ್ಪನವರದು ಔಷಧಿ ಸಿಂಪಡಿಸುವ ಪಂಪುಗಳ ರಿಪೇರಿ ಅಂಗಡಿ. ಅಲ್ಲಿದ್ದ ಔಷಧಿ ಚಿಮ್ಮಿಸುವ ನಾಜಲ್, ವಾಷರ್, ಬ್ಯಾಟರಿ ಪಂಪಿನ ಚಾರ್ಜರುಗಳ ಫೋಟೋ ತೆಗೆದು ಒಂದೊಂದಾಗಿ ಆ್ಯಪ್‌ಗೆ ಏರಿಸಿದ್ದಳು. ಒಂದೂವರೆ ವರ್ಷದಲ್ಲಿ ಜಗಳೂರಿನ ಮೆಕ್ಕೆಜೋಳದ ಹೊಲಗಳ ತನಕ ಅವಳ ಪಾರ್ಸಲ್ ಹೋಗುತ್ತಿತ್ತು. ಗಂಡ ವಿನಯ್ ಕುಮಾರ್ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಬೆಳಿಗ್ಗೆ ಹೋದರೆ ಸಂಜೆ ಬರುವವನು. ಆದ್ದರಿಂದ ಇದು ಪೂರಾ ಅವಳದೇ ಆಗಿತ್ತು.

ತಪ್ಪು ಎಲ್ಲಿ ಎಂದು ಅವಳಿಗೆ ಮೊದಲು ತಿಳಿಯಲೇ ಇಲ್ಲ. ಝರಿಕೋ ಎಂಬುದು ಪಂಪಿನ ಒಂದು ಕಂಪನಿ. ಆದರೆ ಈ ಸೀಮೆಯಲ್ಲಿ ಅದು ಎಂದೋ ಕಂಪನಿಯ ಕೈ ಬಿಟ್ಟು ಜನರ ಬಾಯಿಗೆ ಬಿದ್ದು ‘ಜರಿಕೆ’ ಆಗಿತ್ತು. ಬೆನ್ನಿಗೆ ಕಟ್ಟಿಕೊಳ್ಳುವ ಪಂಪೆಲ್ಲವೂ ಜರಿಕೆ. ಔಷಧಿ ಹೊಡೆಯುವುದೂ ಜರಿಕೆ ಹೊಡೆಯುವುದೇ. ಜಗಳೂರಿನ ಕಡೆಯ ದುರುಗಣ್ಣ ಎಂಬ ರೈತ ಅವತ್ತೂ ಫೋನ್ ಮಾಡಿದ್ದ.

“ಅಕ್ಕಾ, ನಂದು ಚೀನಾ ಜರಿಕೆ. ಅದ್ಕೊಂದು ಜರಿಕೆ ನಾಜಲ್ ಕಳ್ಸ್ರಿ. ಹುಳ ಬಿದ್ದು ಜೋಳದ ಸುಳಿ ಎಲ್ಲಾ ತಿನ್ನಾಕ್ ಹತ್ತೈತೆ.”

ಹಾಗೆ ಕೇಳುವವರಿಗಾಗಿ ಅವಳು ಶೀರ್ಷಿಕೆ ಬರೆದಿದ್ದಳು: ‘ಝರಿಕೋ ನಾಜಲ್ ಸೆಟ್, ಅಧಿಕೃತ ಡೀಲರ್, ನ್ಯಾಮತಿ’. ನಾಜಲ್ ಮಾಡಿದ್ದು ದಾವಣಗೆರೆಯ ಒಂದು ಸಣ್ಣ ವರ್ಕ್‌ಶಾಪು. ವಾಷರೂ ಅಲ್ಲಿಯದೇ. ಚಾರ್ಜರ್ ಮಾತ್ರ ಕಂಪನಿಯದು, ಚನ್ನಗಿರಿಯ ವಿತರಕರಿಂದ ಬಿಲ್ ಸಮೇತ ತಂದದ್ದು. ಮೂರಕ್ಕೂ ಒಂದೇ ಬಗೆಯ ಶೀರ್ಷಿಕೆ, ಮೂರು ಫೋಟೋಗಳ ಮೂಲೆಯಲ್ಲೂ ಕಂಪನಿಯ ನೀಲಿ ಹನಿಯ ಗುರುತು. ಅಂದ ಬರಲಿ ಎಂದು ಅವಳೇ ಅಂಟಿಸಿದ್ದು.

“ಮಾವಾ, ನಾವು ಝರಿಕೋ ಡೀಲರ್ ಹೌದಲ್ರೀ?” ಎಂದು ಅಂಗಡಿಗೆ ಓಡಿ ಬಂದು ಕೇಳಿದಳು.

ಪಂಚಾಕ್ಷರಪ್ಪ ಪಂಪಿನ ಹೊಟ್ಟೆಯಿಂದ ತಲೆ ಎತ್ತಿದರು. “ಇದೇನವ್ವ ಇದು, ಹದಿನೈದು ವರ್ಷದಿಂದ ಬೋರ್ಡ್ ಮೇಲೆ ಹಂಗೇ ಐತೆ. ಒಳಗೆ ಸರ್ಟಿಫಿಕೇಟ್ ಐತೆ. ಹೊನ್ನಾಳಿಗೆ ಕರೆಸಿ, ಶಾಲು ಹೊದಿಸಿ ಕೊಟ್ಟಾರೆ. ಯಾವನು ಕೇಳಿದ್ದು?”

ಸರ್ಟಿಫಿಕೇಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು. ಪ್ರತಿ ಆಯುಧಪೂಜೆಗೂ ಅದಕ್ಕೆ ವಿಭೂತಿ, ಕುಂಕುಮ. ಹದಿನೈದು ವರ್ಷದ ಕುಂಕುಮ ಗಾಜಿನ ನಡುವೆ ಅಂಗೈಯಗಲ ಒಣಗಿ ಕೂತಿತ್ತು. ಸೊಂಟದ ಮೇಲೆ ಮಗಳು ಕೊಸರಾಡುತ್ತಿದ್ದಳು. ಗಾಜಿನ ಕೆಳತುದಿಯಲ್ಲಿ ಮಾವನ ಹೆಸರು, ಮೇಲ್ತುದಿಯಲ್ಲಿ ಕಂಪನಿಯ ಹೆಸರು, ಮೊಹರು ಕಂಡವು. ಅಷ್ಟು ಸಾಕೆನಿಸಿ ಫೋಟೋ ಹೊಡೆದಳು. ಚಾರ್ಜರಿನ ಬಿಲ್ ಜೊತೆ ಸೇರಿಸಿ ಕಳಿಸಿಬಿಟ್ಟಳು.

ಎರಡನೇ ದಿನ ಆ್ಯಪ್‌ನವರ ಉತ್ತರ ಬಂತು. ಚಾರ್ಜರು ನಮ್ಮದೇ ಎಂದು ಕಂಪನಿ ಒಪ್ಪಿದೆ. ಶೀರ್ಷಿಕೆಯಿಂದ ‘ಅಧಿಕೃತ ಡೀಲರ್’ ತೆಗೆದರೆ ಅದನ್ನು ಮತ್ತೆ ಹಾಕಬಹುದು. ನಾಜಲ್, ವಾಷರ್ ಕಂಪನಿಯವಲ್ಲ. ಕಳಿಸಿರುವ ದಾಖಲೆ ಡೀಲರ್‌ಶಿಪ್ ಪತ್ರವೂ ಅಲ್ಲ. ಅದು ಎರಡು ದಿನದ ರಿಪೇರಿ ತರಬೇತಿಯಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟದ್ದು. ನ್ಯಾಮತಿಯಲ್ಲಿ ಕಂಪನಿಗೆ ಡೀಲರೇ ಇಲ್ಲ. ಸುಳ್ಳು ದಾಖಲೆ ಎಂದು ಗುರುತಿಸಲಾಗಿದೆ.

ಅವಳು ಸ್ಟೂಲ್ ಹತ್ತಿ, ಸೆರಗಿನ ತುದಿ ಒದ್ದೆ ಮಾಡಿ ಗಾಜು ಉಜ್ಜಿದಳು. ಕುಂಕುಮದ ಅಡಿಯಿಂದ ‘ಪಾರ್ಟಿಸಿಪೇಷನ್’ ಎಂಬ ಇಂಗ್ಲಿಷ್ ಪದ ದಪ್ಪಗೆ ಹೊರಬಂತು. ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. ಮನೆಗೆ ಬಂದು ಐದು ವರ್ಷವಾದರೂ ತಾನು ಇದನ್ನು ಒಂದು ಸಲವೂ ಓದಿರಲಿಲ್ಲವಲ್ಲ!

ಮಾರನೆಯ ಬೆಳಿಗ್ಗೆ ಮಗಳನ್ನು ಅತ್ತೆ ಶಂಕ್ರಮ್ಮನ ಕೈಗೆ ಕೊಟ್ಟು, “ಮೈ ಬಿಸಿ ಅನ್ನಿಸಿದ್ರೆ ಫೋನ್ ಮಾಡ್ರಿ, ಅತ್ತೆ” ಎಂದು ನಾಲ್ಕು ಸಲ ಹೇಳಿ ಹೊನ್ನಾಳಿ ಬಸ್ಸು ಹತ್ತಿದಳು. ಅಲ್ಲಿ ವಕೀಲೆ ದುರ್ಗಾಂಬಿಕಾ ಇದ್ದರು. ಗಂಡನ ಮಂಡಿಯವರ ಚೀಲದ ಮೇಲಿನ ಹೆಸರನ್ನು ರಿಜಿಸ್ಟರ್ ಮಾಡಿಸಿಕೊಟ್ಟವರು.

ದುರ್ಗಾಂಬಿಕಾ ಮೊಬೈಲಿನಲ್ಲಿ ಶೀರ್ಷಿಕೆ ಓದಿ ಕನ್ನಡಕ ತೆಗೆದಿಟ್ಟರು. “ಇದನ್ನ ಬರ್ದೋರು ಯಾರಮ್ಮಾ?”

“ನಾನೇ ಮೇಡಂ. ನಮ್ಮ ಕಡೆ ಎಲ್ರೂ ಪಂಪಿಗೆ ಜರಿಕೆ ಅಂತಾನೇ ಅನ್ನೋದು.”

“ಜನ ಅಂತಾರೆ ಅಂದ್ರೆ ಹೆಸರು ಊರಿನ ಸ್ವತ್ತಾಗಲ್ಲ. ಅದು ರಿಜಿಸ್ಟರ್ ಆದ ಹೆಸರು, ಅವರು ಕಾಯ್ಕೋತಾರೆ.”

“ಹಂಗಾದ್ರೆ ಹೆಸರೇ ಎತ್ತಂಗಿಲ್ಲ ಅಂತೀರಾ? ಯಾವ ಪಂಪಿಗೆ ಕೂರ್ತೈತೆ ಅಂತ ಹೇಳ್ದೆ ನಾಜಲ್ ಮಾರೋದು ಹೆಂಗೆ?” ಅವಳ ದನಿ ತಾನಾಗಿಯೇ ಏರಿತು. ನ್ಯಾಮತಿಯ ಮಾತು ತನ್ನ ನಾಲಿಗೆಗೆ ಬಂದದ್ದು ಅವಳ ಗಮನಕ್ಕೂ ಬರಲಿಲ್ಲ.

“ಎತ್ತಬಹುದು. ಅದಕ್ಕೆ ಕಾನೂನಿನಲ್ಲೇ ಜಾಗ ಐತೆ. ಬಿಡಿಭಾಗ ಮಾರೋರು ಇದು ಇಂಥ ಪಂಪಿಗೆ ಹೊಂದುತ್ತೆ ಅಂತ, ಅಗತ್ಯ ಇರೋವಷ್ಟು, ಹೇಳಬಹುದು. ಆದ್ರೆ ಓದಿದವನು ಇದನ್ನ ಝರಿಕೋನೋರೇ ಮಾಡಿದ್ದು, ಇಲ್ಲಾ ಇವರು ಝರಿಕೋ ಕಡೆಯೋರು ಅಂದ್ಕೊಬಾರ್ದು. ನೀನು ಬರ್ದಿದ್ದು ಓದಿದ್ರೆ ಎರಡೂ ಅಂದ್ಕೊತಾನೆ. ಮೇಲೆ ಅವರ ಗುರುತು ಬೇರೆ ಅಂಟಿಸೀಯ. ಹೊಂದುತ್ತೆ ಅನ್ನಾಕೆ ಗುರುತು ಯಾಕೆ ಬೇಕು?”

“ಚಾರ್ಜರು?”

“ಅದು ಅವರದೇ ಮಾಲು, ಬಿಲ್ ಐತೆ. ಝರಿಕೋ ಚಾರ್ಜರ್ ಅಂತಾನೇ ಮಾರು. ಆದ್ರೆ ಅಸಲಿ ಮಾಲು ಮಾರಿದ ಮಾತ್ರಕ್ಕೆ ಅಧಿಕೃತ ಆಗಲ್ಲ. ಅದಕ್ಕೆ ಅವರು ಬರ್ದು ಕೊಡಬೇಕು.” ಅವರು ಫೋನು ವಾಪಸು ಕೊಟ್ಟರು. “ಇನ್ನೊಂದು ತಿಳ್ಕೊ. ಕಾನೂನು ಒಪ್ಪಿದ್ದನ್ನೂ ಆ್ಯಪ್‌ನೋರು ಒಪ್ಪಬೇಕು ಅಂತಿಲ್ಲ. ಅವರ ನಿಯಮ ಬಿಗಿ. ಬೇರೆಯೋರು ಮಾಡಿದ ಮಾಲಿನ ಮೇಲೆ ಹೊಂದುವ ಅನ್ನೋ ಪದ ಇಲ್ದೆ ಕಂಪನಿ ಹೆಸರು ಬಂತೋ, ಮತ್ತೆ ದೂರು. ಈಗ ಕಂಪನಿ ದೂರು ವಾಪಸ್ ತಗೊಂಡ್ರೇ ನಿನ್ ಖಾತೆ ಉಳಿಯೋದು.”

ಅವರೇ ಕಂಪನಿಗೆ ಬರೆದರು. ಕಂಪನಿ ಮರುದಿನವೇ ಒಪ್ಪಿತು, ಒಂದು ಷರತ್ತಿನ ಮೇಲೆ. ಅಂಗಡಿಯ ಯಜಮಾನರು ತಾವು ಅಧಿಕೃತ ಮಾರಾಟಗಾರರಲ್ಲ ಎಂದು ಬರೆದು ಸಹಿ ಮಾಡಬೇಕು. ಅಂಗಡಿಯ ಬೋರ್ಡಿನಲ್ಲೂ ಆ ಮಾತು ಇರಬಾರದು.

ಇನ್ನು ಎರಡು ದಿನ ಉಳಿದಿತ್ತು. ಯಜಮಾನರು ಪಂಚಾಕ್ಷರಪ್ಪ.

“ಏನಂದಿ?” ಎಂದರು ಅವರು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ.

“ಅದು ತರಬೇತಿ ಸರ್ಟಿಫಿಕೇಟು ಮಾವಾ. ಡೀಲರ್ ಅಂತ ಎಲ್ಲೂ ಬರ್ದಿಲ್ಲ.”

“ಮತ್ತೆ ಶಾಲು?”

“ತರಬೇತಿಗೆ ಬಂದೋರಿಗೆಲ್ಲ ಹೊದಿಸಿರ್ತಾರೆ.”

“ಎಲ್ಲಾರ್ಗೂ ಹೊದಿಸಲಿಲ್ಲ. ಮೂರೇ ಮಂದಿಗೆ.” ಅವರಿಗೆ ಒಮ್ಮೆಲೇ ಸಿಟ್ಟು ಬಂತು. “ಅವರ ಪಂಪು ಈ ಸೀಮೇಲಿ ಓಡಿದ್ದು ಯಾರಿಂದ? ವಾರಂಟಿ ಮುಗಿದ ಪಂಪನ್ನ ನಾನು ಜೀವ ಹಿಡಿಸಿ ಕಳ್ಸಿದ್ದಕ್ಕೆ ಜನ ಇನ್ನೊಂದು ತಗೊಂಡ್ರು. ಈಗ ನೀನು ಮೊಬೈಲಲ್ಲಿ ಏನೋ ಕುಟ್ಟಿ, ನನ್ ಬೋರ್ಡಿಗೆ ತಂದಿಟ್ಟೆ. ನಿನ್ನ ಅಂಗಡಿ ನೀನು ಮುಚ್ಕೊ. ನನ್ ಅಂಗಡಿ ನಿಂಗ್ಯಾಕೆ?”

ಈ ಮಾತು ಅವಳಿಗೆ ನಾಟಿತು. ತಪ್ಪು ತನ್ನದೂ ಹೌದು. ಓದಿದವಳು ತಾನು. ಆದರೆ ಹದಿನೈದು ವರ್ಷ ಗೋಡೆಯ ಮೇಲೆ ತೂಗಿದ್ದನ್ನು ಯಾರೂ ಓದದೇ ಇದ್ದದ್ದಕ್ಕೆ ತಾನೊಬ್ಬಳೇ ಏಕೆ ಹೊಣೆ? ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ, ಜ್ವರವಿಲ್ಲದ ಹಣೆಯನ್ನು ಮುಟ್ಟಿ ಮುಟ್ಟಿ ನೋಡಿದಳು.

ಕಡೆಯ ದಿನ ಹನ್ನೊಂದು ಗಂಟೆಗೆ ಅವಳು ಪತ್ರವನ್ನು ಮಾವನ ಮುಂದೆ ಇಟ್ಟಳು. ದುರ್ಗಾಂಬಿಕಾ ಕನ್ನಡದಲ್ಲೇ ಟೈಪ್ ಮಾಡಿಸಿದ್ದರು. ಇದ್ದದ್ದು ಮೂರೇ ಸಾಲು.

“ನೀವು ಸಹಿ ಹಾಕದಿದ್ರೂ ಬೋರ್ಡಿನ ವಿಷಯಕ್ಕೆ ಅವರು ನೋಟಿಸ್ ಕಳ್ಸಬಹುದಂತೆ ಮಾವಾ. ವಕೀಲ್ರು ಹೇಳಿದ್ರು. ನನ್ನ ಖಾತೆ ಒಂದಕ್ಕೆ ಅಲ್ಲ.”

ಪಂಚಾಕ್ಷರಪ್ಪ ತುಟಿ ಅಲ್ಲಾಡಿಸುತ್ತ ಓದಿದರು. ಮೊದಲನೇ ಸಾಲಿನಲ್ಲೇ ಬೆರಳು ನಿಂತಿತು. “ನಾವು ಝರಿಕೋ ಕಂಪನಿಯ ಅಧಿಕೃತ ಮಾರಾಟಗಾರರಲ್ಲ,” ಎಂದು ಗಟ್ಟಿಯಾಗಿ ಓದಿದರು. “ಅಲ್ಲ ಅಂದ್ರೆ? ಈಗ ಅಲ್ಲ ಅಂತಲೋ, ಯಾವತ್ತೂ ಅಲ್ಲ ಅಂತಲೋ?”

ಅವಳು ಸಾಲನ್ನು ಮತ್ತೊಮ್ಮೆ ನೋಡಿದಳು. ಇಂಗ್ಲಿಷಿನಲ್ಲಿ ಬರೆದಿದ್ದರೆ ಯಾವುದೋ ಒಂದು ಕಾಲ ಹೇಳಲೇಬೇಕಿತ್ತು. ಇಲ್ಲಿ ‘ಅಲ್ಲ’ ಎಂಬುದು ಯಾವ ಕಾಲಕ್ಕೂ ಸೇರದೆ ಸುಮ್ಮನೆ ಕೂತಿತ್ತು.

“ಅಲ್ಲ ಅಂತ ಅಷ್ಟೇ ಐತೆ ಮಾವಾ. ಯಾವಾಗ ಅಂತ ಬರ್ದಿಲ್ಲ.”

“ಯಾವಾಗ ಅಂತ ಕೇಳ್ಯಾರಾ?”

“ಕೇಳಿಲ್ಲ.”

ಅವರು ಎಣ್ಣೆ ಕೈಯನ್ನು ಚಿಂದಿಗೆ ಒರೆಸಿಕೊಂಡು, ಒರೆಸಿದ್ದು ಸಾಲದೆಂದು ಎದ್ದು ಹೋಗಿ ಸೋಪು ಹಚ್ಚಿ ತೊಳೆದು ಬಂದು ಸಹಿ ಮಾಡಿದರು. “ಬೋರ್ಡ್ ನಾನೇ ಬಳಿಸ್ತೀನಿ. ನೀನು ಅದರ ಫೋಟೋ ಪಾಟೋ ಹೊಡ್ಯಾಕ್ ಬರಬ್ಯಾಡ,” ಎಂದರು.

ಖಾತೆ ಉಳಿಯಿತು. ಆದರೆ ಸುಳ್ಳು ದಾಖಲೆಯ ಎಚ್ಚರಿಕೆ ಅವಳ ಹೆಸರಿನ ಮುಂದೆ ಒಂದು ವರ್ಷ ಇರುತ್ತದಂತೆ. ಅಷ್ಟರಲ್ಲಿ ಇನ್ನೊಂದು ದೂರು ಬಂದರೆ ಕೇಳುವುದೂ ಇಲ್ಲ, ಮುಚ್ಚುವುದೇ. ಅಂಗಡಿಯ ನಲವತ್ತೊಂದು ಸಾಮಾನುಗಳ ಶೀರ್ಷಿಕೆಗಳನ್ನೂ ಅವಳು ಮಗಳು ಮಲಗಿದ ಮಧ್ಯಾಹ್ನಗಳಲ್ಲಿ ಮತ್ತೆ ಬರೆದಳು. ‘ಪಂಚಾಕ್ಷರಿ ನಾಜಲ್ ಸೆಟ್, ಝರಿಕೋ ಪಂಪಿಗೆ ಹೊಂದುವ’. ‘ಪಂಚಾಕ್ಷರಿ ವಾಷರ್, ಝರಿಕೋ ಪಂಪಿಗೆ ಹೊಂದುವ’. ಚಾರ್ಜರ್ ಬಿಟ್ಟು ಉಳಿದ ಪ್ರತಿಯೊಂದರ ಕೆಳಗೂ ಒಂದು ಸಾಲು: ಇದು ಝರಿಕೋ ಕಂಪನಿಯ ತಯಾರಿಕೆಯಲ್ಲ. ಬರೆದದ್ದನ್ನು ಐದೈದು ಸಲ ಓದಿದಳು. ಒಂದು ‘ಹೊಂದುವ’ ಬಿಟ್ಟುಹೋದರೆ ಎಂಬ ಭಯಕ್ಕೆ ಉಗುರು ಕಚ್ಚಿದಳು.

ಹನ್ನೆರಡು ದಿನ ಒಂದೂ ಆರ್ಡರ್ ಬರಲಿಲ್ಲ. ಹುಡುಕಿ ನೋಡಿದರೆ ಅವಳ ನಾಜಲ್ ನಾಲ್ಕನೇ ಪುಟದಲ್ಲಿತ್ತು. ಮೊದಲನೇ ಪುಟದಲ್ಲಿ ಯಾರೋ ಬೇರೆ ಊರಿನವರು ‘ಒರಿಜಿನಲ್ ಝರಿಕೋ’ ಎಂದು ಢಾಳಾಗಿ ಬರೆದು, ನೀಲಿ ಹನಿ ಅಂಟಿಸಿ, ಅವಳು ತರಿಸುವ ದಾವಣಗೆರೆ ವರ್ಕ್‌ಶಾಪಿನದೇ ನಾಜಲ್ ಮಾರುತ್ತಿದ್ದರು.

“ನೋಡ್ರಿ ಮಾವಾ, ನೋಡ್ರಿ ಇಲ್ಲಿ,” ಎಂದು ಫೋನನ್ನು ಅವರ ಮೂಗಿನ ಹತ್ತಿರ ಹಿಡಿದಳು. “ನಮಗೊಂದು ನ್ಯಾಯ, ಇವರಿಗೊಂದಾ?”

ಪಂಚಾಕ್ಷರಪ್ಪ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಬರತೈತೆ ಬಿಡು, ಅವನಿಗೂ ಅಂಥಾದ್ದೇ ಮೇಲ್,” ಎಂದು ಫೋನು ವಾಪಸು ಕೊಟ್ಟು, ಬಿಚ್ಚಿ ಹರವಿದ್ದ ಪಂಪಿನ ಕಡೆ ತಿರುಗಿದರು.