ಮೂರೂವರೆಗೆ ತುಸು ಕಡಿಮೆ

ದಂಡೋತಿಯ ದೇವೀಂದ್ರಪ್ಪನವರ ಜನ್ಮದಿನಾಂಕ 1956ನೆಯ ಇಸವಿ ಜೂನ್ 1. ಇದು ಶಾಲೆಯ ದಾಖಲೆಯ ಮಾತು. ಅಂದು ಶಾಲೆಗೆ ಸೇರಿದ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಂದಿಯನ್ನು ಹೆಡ್‌ಮಾಸ್ತರರು ಒಂದೇ ದಿನ ಹುಟ್ಟಿಸಿದ್ದರು. ತಾನು ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ತಾಯಿಯನ್ನು ಕೇಳಿದರೆ, ಕಾಗಿಣಾ ನದಿಗೆ ದೊಡ್ಡ ನೀರು ಬಂದ ವರ್ಷ, ಜೋಳ ಹಾಲುಗಾಳಾಗಿತ್ತು ಎಂಬ ಉತ್ತರ ಬರುತ್ತಿತ್ತು. ತನ್ನ ಹುಟ್ಟೇ ಅಂದಾಜಿನದಾದ ಮೇಲೆ, ಉಳಿದ ಯಾವುದನ್ನೂ ಅಂದಾಜಿಗೆ ಬಿಡಬಾರದೆಂದು ಅವರು ಹಟ ಹಿಡಿದಂತಿತ್ತು. ವಾಡಿಯ ಕಡೆ ಒಂದು ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಮಾಪಕಗಳನ್ನು ರಿಪೇರಿ ಮಾಡಿದರು. ಮನೆಯ ಉಪ್ಪಿನಕಾಯಿ ಭರಣಿಗೂ ದಿನಾಂಕದ ಚೀಟಿ ಅಂಟಿಸಿದರು. 2016ರ ಮೇ 31ರಂದು ನಿವೃತ್ತರಾದರು.

ನಿವೃತ್ತಿಯ ಎರಡು ತಿಂಗಳಲ್ಲಿ ಹೆಂಡತಿ ಯಂಕಮ್ಮನೇ ಅವರನ್ನು ಮತ್ತೆ ಕೆಲಸಕ್ಕೆ ಅಟ್ಟಿದಳು. ಒಲೆಯ ಮೇಲಿನ ಬೇಳೆ ಎಷ್ಟು ನಿಮಿಷಕ್ಕೆ ಬೆಂದಿತೆಂದು ಬರೆದಿಡುವ ಗಂಡಸು ಮನೆಯಲ್ಲಿರುವುದನ್ನು ಸಹಿಸುವುದು ಅವಳಿಗೆ ಸಾಧ್ಯವಿರಲಿಲ್ಲ. ಹಾಗೆ ಅವರು ಚಿತ್ತಾಪುರದ ಒಂದು ವಿದ್ಯಾಸಂಸ್ಥೆಯ ನರ್ಸಿಂಗ್ ಹುಡುಗಿಯರ ಹಾಸ್ಟೆಲಿಗೆ ಮೇಲ್ವಿಚಾರಕರಾದರು. ಪ್ರತಿ ಮಾರ್ಚ್ 31ಕ್ಕೆ ಸಂಸ್ಥೆಯ ಸೆಕ್ರೆಟರಿ ಸಿದ್ದಣ್ಣ ಒಂದು ಸಹಿ ಹಾಕಿದರೆ ಮುಂದಿನ ವರ್ಷದ ಕೆಲಸ ಗಟ್ಟಿ. ಎಂಟು ವರ್ಷ ಆ ಸಹಿ ತಪ್ಪಿರಲಿಲ್ಲ.

2023ರ ಜೂನ್ 12ರಂದು ಹಾಸ್ಟೆಲಿಗೆ ಹೀಟ್ ಪಂಪ್ ಬಂತು. ಅದು ಸುತ್ತಲಿನ ಗಾಳಿಯ ಶಾಖವನ್ನು ಹೀರಿ ಸ್ನಾನದ ನೀರಿಗೆ ತುಂಬುವ ಯಂತ್ರ. ಒಂದು ಯೂನಿಟ್ ಕರೆಂಟ್ ತಿಂದು ಎಷ್ಟು ಯೂನಿಟ್ ಶಾಖ ಕೊಡುತ್ತದೆಯೋ ಅದೇ ಅದರ ಸಿ.ಓ.ಪಿ. ಗಾಳಿ ಬೆಚ್ಚಗಿದ್ದಷ್ಟು ಆ ಸಂಖ್ಯೆ ಹೆಚ್ಚು, ತಣ್ಣಗಿದ್ದಷ್ಟು ಕಡಿಮೆ. ದೇವೀಂದ್ರಪ್ಪನವರು ಅಂದೇ ಉತ್ತರದ ಗೋಡೆಯ ನೆರಳಿಗೆ ಒಂದು ಥರ್ಮಾಮೀಟರ್ ತೂಗುಹಾಕಿದರು. ಮುಂಜಾನೆ ನಾಲ್ಕಕ್ಕೆ ಯಂತ್ರ ಹಚ್ಚುವ ವಾಚ್‌ಮನ್ ಖಂಡೆಪ್ಪ ಆ ಹೊತ್ತಿನ ಅಂಕಿಯನ್ನು ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಗೀಚುವನು. ಹಗಲಿನ ಅಂಕಿಗಳನ್ನೂ, ಎಷ್ಟು ಲೀಟರು ಬಿಸಿನೀರು ಖರ್ಚಾಯಿತೆಂಬುದನ್ನೂ ಸೇರಿಸಿ ಇವರು ರಿಜಿಸ್ಟರಿಗೆ ಇಳಿಸುವರು. ಹುಡುಗಿಯರು ಅವರಿಗೆ ಜ್ವರದ ಕಾಕಾ ಎಂದು ಹೆಸರಿಟ್ಟರು.

2024ರ ಅಕ್ಟೋಬರ್ 14, ಸೋಮವಾರ, ಸಿದ್ದಣ್ಣ ಅವರನ್ನು ಕರೆಸಿದರು. ಕಲಬುರಗಿಯ ಒಂದು ಸಂಘ ಇಂಧನ ಉಳಿತಾಯಕ್ಕೆ ಪ್ರಶಸ್ತಿ ಕೊಡಲಿತ್ತು. ಇಡೀ ವರ್ಷದ ಸಿ.ಓ.ಪಿ. ಕನಿಷ್ಠ 3.50 ಇರಬೇಕು, ಎರಡು ದಶಾಂಶ ಸ್ಥಾನದವರೆಗೆ ಬರೆಯಬೇಕು, ಯಂತ್ರ ನೋಡಿಕೊಳ್ಳುವವರ ಸಹಿ ಇರಬೇಕು. ಲೆಕ್ಕ ಸಿದ್ಧವಾಗಿಯೇ ಇತ್ತು. ಅದನ್ನು ಮಾಡಿದವನು ಸಂಸ್ಥೆಯ ಇಂಜಿನಿಯರ್ ಅಂಬರೇಶ. ಅವನು ಸೆಕ್ರೆಟರಿಯ ಅಕ್ಕನ ಮಗ. ಇಂಜಿನಿಯರಾಗಲು ಇದ್ದ ಅರ್ಹತೆಗಳಲ್ಲಿ ಇದೇ ಮೊದಲನೆಯದು. ಹತ್ತು ಡಿಗ್ರಿಯಿಂದ ನಲವತ್ತೈದರವರೆಗೆ ಐದೈದು ಡಿಗ್ರಿಗೆ ಒಂದರಂತೆ ಏಳು ಗೂಡು ಮಾಡಿ, ಕಂಪನಿಯ ಪಟ್ಟಿಯಿಂದ ಪ್ರತಿ ಗೂಡಿನ ಸಿ.ಓ.ಪಿ. ಬರೆದಿದ್ದ: 2.6, 2.9, 3.3, 3.7, 4.1, 4.4, 4.7. ಎಲ್ಲ ಕೂಡಿಸಿ ಏಳರಿಂದ ಭಾಗಿಸಿದ್ದ. ಉತ್ತರ 3.67. ಬ್ಯಾನರಿನ ಅಳತೆಯೂ ನಿಶ್ಚಯವಾಗಿತ್ತು. ಸಿದ್ದಣ್ಣನವರ ಭಾವಚಿತ್ರ ನಾಲ್ಕಡಿ, ಯಂತ್ರದ್ದು ಒಂದಡಿ.

ದೇವೀಂದ್ರಪ್ಪನವರು ಕನ್ನಡಕ ಒರೆಸಿಕೊಂಡು ಹಾಳೆಯನ್ನು ಎರಡು ಸಲ ಓದಿದರು. ಕಡೆಯ ಗೂಡಿನ ಮೇಲೆ ಬೆರಳಿಟ್ಟು, ನಲವತ್ತೆರಡು ಡಿಗ್ರಿಯಲ್ಲಿ ಈ ಯಂತ್ರ ಯಾವ ದಿನ ಓಡಿತ್ತೆಂದು ಕೇಳಿದರು. ಮೇ ತಿಂಗಳಲ್ಲಿ ಹಾಸ್ಟೆಲಿಗೆ ರಜೆ. ಏಪ್ರಿಲ್ಲಿನಲ್ಲಿ ಮಾಳಿಗೆಯ ಕಪ್ಪು ಟ್ಯಾಂಕಿನ ತಣ್ಣೀರೇ ಮೈ ಸುಡುವಷ್ಟು ಕಾದಿರುತ್ತದೆ. ಬಿಸಿನೀರು ಕೇಳುವ ಹುಡುಗಿ ಇನ್ನೂ ಹುಟ್ಟಿಲ್ಲ. ಪರೀಕ್ಷೆಗೇ ಕೂರದವನಿಗೆ ನೂರಕ್ಕೆ ನೂರು ಅಂಕ ಕೊಟ್ಟು, ಕೂತವರ ಸರಾಸರಿಗೆ ಸೇರಿಸಿದಂತಾಯಿತು ಇದು.

“ಕಾಕಾ, ಥಿಯರಿ ಪ್ರಕಾರ ಬರೋಬರಿ ಅದ,” ಎಂದ ಅಂಬರೇಶ.

“ಥಿಯರಿಗಿ ಜಳಕದ ಜರೂರತ್ ಇರಲ್ಲಪಾ,” ಎಂದರು ದೇವೀಂದ್ರಪ್ಪ. “ಹುಡಿಗ್ಯಾರಿಗಿ ಇರ್ತದ.”

ಸಹಿ ಹಾಕದೆ ಎದ್ದುಬಂದರು. ನವೆಂಬರ್ 12ರಂದು ತಮ್ಮದೇ ಲೆಕ್ಕವನ್ನು ಎರಡು ಹಾಳೆಗಳಲ್ಲಿ, ಕೆಂಪು ಗೆರೆ ಹೊಡೆದು, ಸೆಕ್ರೆಟರಿಯ ಮೇಜಿಗೆ ಮುಟ್ಟಿಸಿದರು. ಯಂತ್ರ ನಿಜವಾಗಿ ಓಡಿದ ಮುಂಜಾನೆಗಳು ಬಿದ್ದದ್ದು ಕೆಳಗಿನ ನಾಲ್ಕು ಗೂಡುಗಳಲ್ಲಿ ಮಾತ್ರ. ವರ್ಷಕ್ಕೆ ಬೇಕಾದ ಶಾಖ ಮೂವತ್ತು ಸಾವಿರ ಯೂನಿಟ್. ಚಳಿಯ ಗೂಡಿನಿಂದ ಶುರುಮಾಡಿದರೆ ಆರು, ಹನ್ನೆರಡು, ಒಂಬತ್ತು, ಮೂರು ಸಾವಿರದಂತೆ ಅದು ಹಂಚಿಹೋಗಿತ್ತು. ಬೆಚ್ಚಗಿನ ಗೂಡುಗಳಲ್ಲಿ ಯಂತ್ರದ ಶಕ್ತಿ ಹೆಚ್ಚು, ನೀರಿನ ಬೇಡಿಕೆ ಕಡಿಮೆ. ಹೀಗಾಗಿ ಅದು ಹತ್ತಿ ಆರಿ, ಆರಿ ಹತ್ತಿ, ಪ್ರತಿ ಸಲ ಏದುಸಿರು ಬಿಟ್ಟು ಕರೆಂಟ್ ಹಾಳುಮಾಡುತ್ತಿತ್ತು. ಆ ಅರೆಹೊರೆಯ ನಷ್ಟವನ್ನು ಕಳೆದಾಗ ನಾಲ್ಕು ಗೂಡುಗಳ ಸಿ.ಓ.ಪಿ. 2.6, 2.75, 2.97, 3.15ಕ್ಕೆ ನಿಂತಿತು. ಅವರು ಸಿ.ಓ.ಪಿ.ಗಳನ್ನು ಕೂಡಿಸಲಿಲ್ಲ. ಪ್ರತಿ ಗೂಡಿನ ಶಾಖವನ್ನು ಅದರ ಸಿ.ಓ.ಪಿ.ಯಿಂದ ಭಾಗಿಸಿ, ಬಂದ ಕರೆಂಟನ್ನು ಕೂಡಿಸಿದರು. ಯಂತ್ರ ಸುಮ್ಮನೆ ನಿಂತಾಗಲೂ ನೆಕ್ಕುವ 480 ಯೂನಿಟ್ಟನ್ನು ಅದಕ್ಕೆ ಸೇರಿಸಿದರು. ಒಟ್ಟು ಹನ್ನೊಂದು ಸಾವಿರದ ನೂರಕ್ಕೆ ಸ್ವಲ್ಪ ಮೇಲೆ. ಮೂವತ್ತು ಸಾವಿರವನ್ನು ಅದರಿಂದ ಭಾಗಿಸಿದರೆ 2.69.

ಎರಡನೆಯ ಹಾಳೆ ಪರಿಹಾರದ್ದು. ಮೊದಲು ಹಾಸ್ಟೆಲಿನಲ್ಲಿ ನೀರು ಕಾಯಿಸುವ ಸೌದೆಯ ಬಂಬು ಇತ್ತು. ಅದಕ್ಕೆ ಖಂಡೆಪ್ಪ ಮುಂಜಾನೆ ನಾಲ್ಕಕ್ಕೆ ಬೆಂಕಿ ಹಾಕುತ್ತಿದ್ದ. ಬಂಬು ಹೋಗಿ ಯಂತ್ರ ಬಂದರೂ ನಾಲ್ಕು ಗಂಟೆ ಮಾತ್ರ ಹೋಗಲಿಲ್ಲ. ಗಾಳಿಯಿಂದ ಬದುಕುವ ಯಂತ್ರವನ್ನು ದಿನದ ಅತಿ ತಣ್ಣನೆಯ ಗಾಳಿಯಲ್ಲಿ ಓಡಿಸುವುದು ಇಲ್ಲಿಯ ಸಂಪ್ರದಾಯವಾಯಿತು. ಅದನ್ನೇ ಮಧ್ಯಾಹ್ನ ಎರಡಕ್ಕೆ ಹಚ್ಚಿ ಟ್ಯಾಂಕನ್ನು ಒಂದೇ ಉಸಿರಿಗೆ ಕಾಯಿಸಿಟ್ಟರೆ, ಚಳಿಗಾಲದಲ್ಲೂ ಗಾಳಿ ಇಪ್ಪತ್ತೈದಕ್ಕಿಂತ ಮೇಲೆಯೇ ಇರುತ್ತದೆ. ಹತ್ತಿ ಆರುವ ಕಾಟವೂ ಇಲ್ಲ. ಹದಿನೆಂಟು ಸಾವಿರ ಯೂನಿಟ್ 3.7ರಲ್ಲಿ, ಹನ್ನೆರಡು ಸಾವಿರ 4.1ರಲ್ಲಿ, ಬೆಳಗಾಗುವವರೆಗೆ ಟ್ಯಾಂಕಿನಿಂದ ಸೋರುವ ಶಾಖಕ್ಕೆ ನೂರಕ್ಕೆ ಐದು ಹೆಚ್ಚು ಕರೆಂಟ್, ಅದರ ಮೇಲೆ ಆ 480. ಒಟ್ಟು 8,661. ಉತ್ತರ 3.46.

ಸಿದ್ದಣ್ಣನವರಿಗೆ ಎರಡನೆಯ ಹಾಳೆ ಮೊದಲು ಹಿಡಿಸಲಿಲ್ಲ. ಮಧ್ಯಾಹ್ನ ಕಾಯಿಸಿದ ನೀರು ಮುಂಜಾನೆಗೆ ಹಳಸಿದ್ದಾಗುತ್ತದೆ, ಹುಡುಗಿಯರಿಗೆ ತಾಜಾ ಬಿಸಿನೀರನ್ನೇ ಕೊಡಬೇಕೆಂಬುದು ಸಂಸ್ಥೆಯ ಧ್ಯೇಯ ಎಂದರು. ಆಮೇಲೆ ಕಣ್ಣು ಕಡೆಯ ಅಂಕಿಯ ಮೇಲೆ ಬಿತ್ತು. ದನಿ ಮೆತ್ತಗಾಯಿತು, ಚಹಾ ತರಿಸಿದರು.

“ಕುಂದ್ರಿ ದೇವೀಂದ್ರಪ್ಪನವರ. ಇದು ಮೂರೂವರಿಗೇ ಬಂದಂಗ ಅದಲ್ಲ. ಇಟೇ ಇಟು ಕಮ್ಮಿ. ರೌಂಡ್ ಮಾಡಿ ಒಂದು ದಸ್ಕತ್ ಹಾಕ್ರಿ. ಮಾರ್ಚಿಗಿ ನಾನೂ ಒಂದು ದಸ್ಕತ್ ಹಾಕಬೇಕಲ್ಲ.”

ದೇವೀಂದ್ರಪ್ಪನವರು ಚಹಾ ಕುಡಿದರು. ಅದರಲ್ಲಿ ಸಕ್ಕರೆ ಜಾಸ್ತಿಯಾಗಿತ್ತು. ಮೂವತ್ತಾರು ವರ್ಷ ತಪ್ಪು ತೋರಿಸುವ ಮುಳ್ಳುಗಳನ್ನು ನೆಟ್ಟಗೆ ಮಾಡಿದ ಬೆರಳುಗಳಿಗೆ ಈ ಮುಳ್ಳನ್ನು ತುಸು ಬಗ್ಗಿಸುವುದು ಕಷ್ಟದ ಕೆಲಸವೇನಾಗಿರಲಿಲ್ಲ. ಮನೆಯಲ್ಲಿ ಯಂಕಮ್ಮನ ಮುಖವೂ, ಬೇಳೆಯ ಪಾತ್ರೆಯೂ ಕಣ್ಣ ಮುಂದೆ ಬಂದವು.

“ಎರಡು ದಶಾಂಶ ಬರೀರಿ ಅಂತ ಫಾರ್ಮಿನಾಗ ಅದ ಸಾಹೇಬ್ರ. ಅದೂ ನಾಳಿ ಹೆಂಗ ನಡಿಸಿದ್ರ ಅನ್ನೋ ಲೆಕ್ಕ. ಇವತ್ತು ನಡದದ್ದು ಎರಡು ಬಿಂದು ಆರು ಒಂಬತ್ತು. ನಾ ಹಾಕಲ್ರಿ.”

ಅರ್ಜಿ 3.67ರೊಂದಿಗೇ ಹೋಯಿತು. ಯಂತ್ರ ನೋಡಿಕೊಳ್ಳುವವರ ಜಾಗದಲ್ಲಿ, ಯಂತ್ರವಿರುವ ಕೋಣೆಯ ಬಾಗಿಲು ಯಾವ ದಿಕ್ಕಿಗಿದೆಯೆಂದೂ ತಿಳಿಯದ ಅಂಬರೇಶನ ಸಹಿ ಬಿತ್ತು.

2025ರ ಜನವರಿ 18, ಶನಿವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಸಂಘದ ಪರವಾಗಿ ತಪಾಸಣೆಗೆ ಫರಹತ ಎಂಬ ಆಡಿಟರ್ ಬಂದರು. ಹಾರ, ಶಾಲು, ಗೋಡಂಬಿಯ ತಟ್ಟೆ ಎಲ್ಲವನ್ನೂ ಪಕ್ಕಕ್ಕಿಟ್ಟು ನೇರವಾಗಿ ಯಂತ್ರದ ಕೋಣೆಗೆ ನಡೆದರು. ದೇವೀಂದ್ರಪ್ಪನವರನ್ನು ಅಂದು ಬೇಕೆಂದೇ ಊಟದ ಹಾಲಿನ ಫ್ಯಾನುಗಳ ಧೂಳು ಒರೆಸಲು ಕಳಿಸಲಾಗಿತ್ತು. ಆದರೆ ಖಂಡೆಪ್ಪನನ್ನು ಅಡಗಿಸಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಫರಹತ ಪಟ್ಟಿಯ ಕಡೆಯ ಗೂಡನ್ನು ನೋಡಿ, ಮೇ ತಿಂಗಳಲ್ಲಿ ಇಲ್ಲಿ ಬಿಸಿನೀರು ಬಳಸಿದವರು ಯಾರೆಂದು ಕೇಳಿದರು. ಅಂಬರೇಶ ಕೆಮ್ಮಿದ. ಖಂಡೆಪ್ಪ ಮುಂದೆ ಬಂದ.

“ಮೇದಾಗ ನಾ ಒಬ್ಬನೇ ಇದ್ದೆರಿ ಮೇಡಮ್ಮೋರ. ನಳದಾಗ ಕುದಿಯೋ ನೀರು ಬರ್ತಾವ. ತಣ್ಣೀರು ಸಿಗಲ್ದಕ್ಕ ನಾಕು ದಿನ ಜಳಕನೇ ಮಾಡಿಲ್ರಿ.”

ಗೋಡೆಯ ಮೇಲಿನ ಸುಣ್ಣದ ಅಂಕಿಗಳೇನೆಂದು ಅವರು ಕೇಳಿದಾಗ, ಅದನ್ನೂ ಅವನೇ ಹೆಮ್ಮೆಯಿಂದ ವಿವರಿಸಿ, ಕಾಕಾನ ರಿಜಿಸ್ಟರನ್ನು ತಂದುಕೊಟ್ಟ. ಅದರೊಳಗೆ ಎರಡು ಹಾಳೆಗಳ ನಕಲೂ ಇತ್ತು. ಫರಹತ ನಿಂತಲ್ಲೇ ಅರ್ಧ ತಾಸು ಓದಿದರು. ಪ್ರಶಸ್ತಿ ಶಹಾಬಾದಿನ ಒಂದು ಆಸ್ಪತ್ರೆಯ ಪಾಲಾಯಿತು. ಸಂಸ್ಥೆಗೆ ಬಂದದ್ದು ಒಂದು ಪತ್ರ: ಯಂತ್ರವನ್ನು ಮಧ್ಯಾಹ್ನ ಓಡಿಸಿರಿ, ಅದಕ್ಕೇ ಬೇರೆ ಮೀಟರ್ ಕೂಡಿಸಿರಿ.

ಆ ವರ್ಷ ಮಾರ್ಚ್ 30 ಯುಗಾದಿ, 31 ರಂಜಾನ್. ಆದ್ದರಿಂದ ದೇವೀಂದ್ರಪ್ಪನವರನ್ನು 29ರ ಶನಿವಾರವೇ ಬಿಡುಗಡೆ ಮಾಡಲಾಯಿತು. ಕಾರಣ: ವಯಸ್ಸು. ಆಧಾರ: ಹೆಡ್‌ಮಾಸ್ತರರು ದಯಪಾಲಿಸಿದ ಜೂನ್ 1. ರಿಜಿಸ್ಟರ್ ಒಪ್ಪಿಸುವಾಗ ಅವರು ಕಡೆಯ ಸಾಲಿನಲ್ಲಿ ‘ಮಧ್ಯಾಹ್ನ ಓಡಿಸಿದರೆ ಅಂದಾಜು 3.46’ ಎಂದು ಬರೆದು, ಕೆಳಗೆ ಸಹಿ ಹಾಕಿ, ಹೊತ್ತನ್ನೂ ನಮೂದಿಸಿದರು. ಈ ಯಂತ್ರದ ವಿಷಯದಲ್ಲಿ ಅವರು ಹಾಕಿದ ಸಹಿ ಅದೊಂದೇ.

ಏಪ್ರಿಲ್ 2ರಂದು, ಮಧ್ಯಾಹ್ನ ಎರಡಕ್ಕೆ, ಸಿದ್ದಣ್ಣನವರು ಕಾಯಿ ಒಡೆದು ತಮ್ಮದೇ ಆಲೋಚನೆಯಾದ ‘ಮಧ್ಯಾಹ್ನದ ಬಿಸಿನೀರು ಯೋಜನೆ’ಗೆ ಚಾಲನೆ ಕೊಟ್ಟರು. ಹಳಸಿದ ನೀರಿನ ಮಾತು ಯಾರೂ ಎತ್ತಲಿಲ್ಲ. ಕೋಣೆಯ ಬಾಗಿಲಿಗೆ ಶಹಾಬಾದಿ ಕಲ್ಲಿನ ಫಲಕ ಕೂಡಿಸಿ, ಸಿ.ಓ.ಪಿ. 3.50 ಎಂದು ಕೆತ್ತಿಸಿದರು.

ದೇವೀಂದ್ರಪ್ಪನವರು ದಂಡೋತಿಯಲ್ಲಿ ಬೇಳೆಯ ಹೊತ್ತು ಬರೆಯುತ್ತ ಕುಳಿತರು. ತಿಂಗಳ ಮೊದಲ ದಿನ ಖಂಡೆಪ್ಪ ಫೋನ್ ಮಾಡಿ ಹೊಸ ಮೀಟರಿನ ಅಂಕಿಯನ್ನೂ, ನೀರಿನ ಲೀಟರನ್ನೂ, ಬಿಸಿ ತಣ್ಣೀರಿನ ಡಿಗ್ರಿಗಳನ್ನೂ ಓದಿ ಹೇಳುವನು. ಯಾರೂ ಕೇಳಿರಲಿಲ್ಲ, ಸುಮಾರು ಎರಡು ವರ್ಷ ಗೋಡೆಗೆ ಗೀಚಿದ ಕೈಗೆ ಸುಮ್ಮನಿರಲಾಗುತ್ತಿರಲಿಲ್ಲ. 2026ರ ಏಪ್ರಿಲ್ 1ರಂದು ವರ್ಷ ತುಂಬಿತು. ಶಾಖ 29,412 ಯೂನಿಟ್, ಕರೆಂಟ್ 8,550.

“ಎಷ್ಟಾತ್ರಿ ಕಾಕಾ?” ಎಂದು ಖಂಡೆಪ್ಪ ಕೇಳಿದ. “ಕಲ್ಲಿನಾಗಿಂದು ಬಂತೇನ್ರಿ?”

ದೇವೀಂದ್ರಪ್ಪನವರು ಮೂರು ಸಲ ಭಾಗಿಸಿ ನೋಡಿದರು. 3.44. ಫಲಕದ ಸುಳ್ಳನ್ನು ಅಲ್ಲಿಗೇ ಬಿಟ್ಟರು. ತಮ್ಮ 3.46ರಲ್ಲಿ ಆ 0.02 ಎಲ್ಲಿ ತಪ್ಪಿತೆಂದು ಹುಡುಕುತ್ತ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಟ್ಯಾಂಕಿನ ಸೋರಿಕೆಗೆ ಐದರ ಬದಲು ಐದೂವರೆಗಿಂತ ಹೆಚ್ಚು ಹಿಡಿಯಬೇಕಿತ್ತೆಂದು ನಾಲ್ಕನೆಯ ದಿನ ಗೊತ್ತಾಯಿತು. ಅಂದು ಅವರು ಖಂಡೆಪ್ಪನಿಗೆ ಫೋನ್ ಮಾಡಿ, ರಿಜಿಸ್ಟರಿನ ಕಡೆಯ ಸಾಲಿನ ಕೆಳಗೆ ತಮ್ಮ ತಪ್ಪನ್ನು ದಿನಾಂಕದೊಂದಿಗೆ ಬರೆಯಲು ಹೇಳಿದರು.