ಟಿಶ್ಯೂನಲ್ಲಿ ಸುತ್ತಿಟ್ಟ ಹಲ್ಲಿನ ಅಚ್ಚು

ಅಕ್ಕನಿಗೂ ನನಗೂ ಅಪ್ಪನ ಹಲ್ಲೇ ಬಂದಿದೆ. ಮುಂದಿನವು ಒಂದರ ಮೇಲೊಂದು ಹತ್ತಿ ಕೂತಿವೆ. ಫೋಟೋ ನೋಡಿದ ಗಂಡಿನ ಕಡೆಯವರು "ಹಲ್ಲೊಂದು ಸರಿಯಾಗಿದ್ದಿದ್ರೆ" ಎಂದಾಗಲೆಲ್ಲ ನಾವಿಬ್ಬರೂ ರೇಗುತ್ತಿದ್ದೆವು. ಇವರಿಗೋಸ್ಕರ ತಂತಿ ಹಾಕಿಸಿಕೊಳ್ಳುವುದಿಲ್ಲ ಎಂದು ಆಣೆಯನ್ನೂ ಮಾಡಿಕೊಂಡಿದ್ದೆವು.

ಒಂದು ಭಾನುವಾರ ಗಾಂಧಿ ಬಜಾರಿನ ಹೋಟೆಲಿನಲ್ಲಿ ದೋಸೆ ತಿಂದು ಮುಗಿಸಿದೆವು. ಕ್ಲೀನರ್ ತಟ್ಟೆಗಳ ಜೊತೆ ಅಕ್ಕನ ಮುಂದಿದ್ದ ಟಿಶ್ಯೂ ಉಂಡೆಯನ್ನೂ ಬಾಚಿಕೊಂಡು ಹೋದ. ಅಕ್ಕ ಕಿರುಚಿಕೊಂಡು ಅವನ ಹಿಂದೆ ಓಡಿದಳು. ಎಂಜಲು ಬಕೆಟ್ಟಿಗೆ ಕೈ ಹಾಕಿ, ಸಾಂಬಾರು ಮೆತ್ತಿದ್ದ, ಗಾಜಿನಂಥ ಪ್ಲಾಸ್ಟಿಕ್ಕಿನ ಹಲ್ಲಿನ ಅಚ್ಚೊಂದನ್ನು ಎತ್ತಿದಳು.

"ಅಲೈನರ್ ಕಣೇ. ಹಲ್ಲು ಸರಿಮಾಡತ್ತೆ. ತಿನ್ನೋವಾಗ ತೆಗೀಬೇಕು" ಎಂದಳು.

"ಯಾವಾಗಿಂದ?"

"ಯುಗಾದಿಯಿಂದ."

ಅಷ್ಟು ತಿಂಗಳೂ ಅವಳು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು. ನಮ್ಮಿಬ್ಬರ ಹಳೇ ಸಂಕೋಚ ಎಂದುಕೊಂಡಿದ್ದೆ ನಾನು, ಪೆದ್ದಿ. ಈಗ ನೋಡಿದರೆ ಅವಳ ಹಲ್ಲು ಹೆಚ್ಚುಕಡಿಮೆ ಸಾಲಾಗಿ ನಿಂತಿದ್ದವು.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಹಾಗೇ ಚೆನ್ನಾಗಿದೀಯ ಬಿಡೇ" ಎಂದಳು.

ಆ ಮಾತನ್ನು ವರ್ಷಗಟ್ಟಲೆ ಒಬ್ಬರಿಗೊಬ್ಬರು ಹೇಳಿಕೊಂಡು ಬಂದಿದ್ದೆವು. ಅವತ್ತು ಅದನ್ನು ತಿರುಗಿ ಅವಳಿಗೆ ಹೇಳುವ ಹಾಗಿರಲಿಲ್ಲ.