ತಡವಾಗಿ ಕೂಗಿದ ಬಾಗಿಲು

ನಮ್ಮ ಮನೆಯ ಬಾಗಿಲಿಗೆ ಮೈದುನ ಒಂದು ಪುಟ್ಟ ಸೆನ್ಸರ್ ಅಂಟಿಸಿದ್ದು ಅತ್ತೆಗಾಗಿ. ಅವರಿಗೆ ಮರೆವು ಹತ್ತಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತರಾಗಿದ್ದ ಮಾವ ತೀರಿಹೋಗಿ ವರ್ಷಗಳಾಗಿದ್ದರೂ, ಅವರಿಗೆ ಬುತ್ತಿ ಒಯ್ಯಬೇಕೆಂದು ಹೊರಟುಬಿಡುತ್ತಿದ್ದರು. ಯಾರ್ಡ್ ನಮ್ಮ ಮನೆಯಿಂದ ನಡೆದುಹೋಗುವಷ್ಟೇ ದೂರ.

ಇಂಥ ಸೆನ್ಸರ್‌ಗಳು ಆಗ ಹೊಸವು. ಮೈದುನನ ಕಂಪನಿ ಊರಿನ ಇನ್ನೊಂದು ತುದಿಗೆ, ವಾಕಡದಲ್ಲಿತ್ತು, ಅವನ ಕೆಲಸವೇ ಅದು. ಬಾಗಿಲಿನದು ಸಣ್ಣ ಬ್ಯಾಟರಿಯದು, ಅದರ ಸಿಗ್ನಲ್ ಹಿಂದಿನ ಕೋಣೆಯಲ್ಲಿಟ್ಟ ಕೂಗುವ ಯಂತ್ರದವರೆಗೆ ಮುಟ್ಟದು. ಅದಕ್ಕೇ ಅಡುಗೆಮನೆಯಲ್ಲೊಂದು, ಹಾಲ್‌ನಲ್ಲೊಂದು, ನಡುವಿನ ಪ್ಯಾಸೇಜಿನಲ್ಲೊಂದು ಬಿಳಿ ಡಬ್ಬಿಯನ್ನು ಪ್ಲಗ್ಗಿಗೆ ಸಿಕ್ಕಿಸಿದ್ದ. ಬಾಗಿಲು ತೆರೆದರೆ ಸುದ್ದಿ ಅಡುಗೆಮನೆಯ ಡಬ್ಬಿಗೆ, ಅಲ್ಲಿಂದ ಪ್ಯಾಸೇಜಿನ ಡಬ್ಬಿಗೆ, ಅಲ್ಲಿಂದ ಕೋಣೆಯ ಯಂತ್ರಕ್ಕೆ ಹೋಗಬೇಕು. ಆಗ ಯಂತ್ರ ಕೂಗುತ್ತದೆ.

"ನಡುವ ಒಂದು ಕಿತ್ತರ?" ಎಂದು ಕೇಳಿದ್ದೆ.

"ಕಿತ್ತು ನೋಡ್ರಿ ವೈನಿ."

ಅಡುಗೆಮನೆಯದನ್ನು ಕಿತ್ತೆ. ಅವನು ಬಾಗಿಲು ತೆರೆದ. ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಯಂತ್ರ ಕೂಗಿತು.

"ಅಡಿಗಿಮನಿ ಡಬ್ಬಿ ಉತ್ತರ ಕೊಡಲಿಲ್ಲ. ಬಾಗಲದ್ದು ಬ್ಯಾರೆ ಯಾರರ ಅದಾರೇನು ಅಂತ ಕೇಳ್ತು, ಹಾಲ್‌ನ ಡಬ್ಬಿ ಓ ಅಂತು. ಹೊಸಾ ದಾರಿ ತಾನ ಹುಡುಕ್ಕೊಂತು ನೋಡ್ರಿ."

ಅತ್ತೆ ನಕ್ಕರು. "ನಮ್ಮ ಓಣಿ ಹೆಣ್ಮಕ್ಕಳಂಗ ಅದಾವ ಬಿಡು. ಒಬ್ಬಾಕಿ ಮನ್ಯಾಗ ಇಲ್ಲಂದ್ರ ಇನ್ನೊಬ್ಬಾಕಿ ಒಯ್ದು ಮುಟ್ಟಸ್ತಾಳ. ಅದಿರ್ಲಿ, ರೊಟ್ಟಿ ಬಡೀತಾವೇನು ಇವು?"

ಅವರಿಗೆ ಒಂದು ಚಾಳಿ ಮಾತ್ರ ಮರೆತಿರಲಿಲ್ಲ. ಹಾದಿಯಲ್ಲಿ ಕಂಡ ಸ್ವಿಚ್ಚನ್ನೆಲ್ಲ ಆರಿಸುತ್ತಿದ್ದರು. "ಕರೆಂಟು ಸುಮ್ನ ಯಾಕ ಸುಡ್ತೀರಿ?" ಹಾಲ್‌ನ ಡಬ್ಬಿಯ ಕೆಂಪು ದೀಪ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಅವರು ಆರಿಸುವರು, ನಾನು ಹಿಂದಿನಿಂದ ಹೋಗಿ ಹಚ್ಚುವೆ. ದಿನಾಲೂ ಇದೇ.

ಆ ದಿನ ಬೆಳಿಗ್ಗೆ ಶೇಂಗಾ ಚಟ್ನಿಗೆಂದು ಅಡುಗೆಮನೆಯ ಡಬ್ಬಿ ಕಿತ್ತು ಮಿಕ್ಸರ್ ಸಿಕ್ಕಿಸಿದೆ. ಕಟ್ಟೆಯ ಮೇಲೆ ಇದ್ದದ್ದು ಅದೊಂದೇ ಪ್ಲಗ್ಗು. ಹಾಲ್‌ನದು ಇದೆಯಲ್ಲ, ದಾರಿ ತಾನೇ ಹುಡುಕಿಕೊಳ್ಳುತ್ತದೆ ಅಂದುಕೊಂಡೆ. ಹಾಲಿಗೆ ಹೋಗಿ ನೋಡಲಿಲ್ಲ. ಮಿಕ್ಸರಿನ ಗದ್ದಲ ನಿಂತ ಮೇಲೆ ಚಟ್ನಿ ಬರಣಿಗೆ ತುಂಬಿದೆ, ಜಾರು ತೊಳೆದೆ, ಬೆಳಗಿನ ಪಾತ್ರೆಯೆಲ್ಲ ತಿಕ್ಕಿದೆ, ಕಟ್ಟೆ ಒರೆಸಿದೆ. ಆಮೇಲೆ ಡಬ್ಬಿಯನ್ನು ಮತ್ತೆ ಸಿಕ್ಕಿಸಿದೆ.

ಒಂದು ನಿಮಿಷ ಆಗಿರಬಹುದು, ಯಂತ್ರ ಕೂಗಿತು.

ಓಡಿದೆ. ಬಾಗಿಲು ಅರೆ ತೆರೆದಿತ್ತು. ಅತ್ತೆಯ ಚಪ್ಪಲಿ ಅಲ್ಲೇ ಇದ್ದವು. ಈಗಷ್ಟೇ ಹೊರಬಿದ್ದಿದ್ದಾರೆ, ಮೆಟ್ಟಿಲ ಮೇಲೇ ಸಿಗುತ್ತಾರೆ ಅಂದುಕೊಂಡು ಒಂದೊಂದು ಮಹಡಿ ಇಳಿದೆ. ಕೆಳಗೆ ವಾಚ್‌ಮನ್ ಹೇಳಿದ, "ಆಜಿ? ಅರ್ಧಾ ತಾಸ್ ಝಾಲಾ, ತಾಈ." ಅಜ್ಜಿ ಹೋಗಿ ಅರ್ಧ ತಾಸಾಯಿತಂತೆ. ನಾನು ಅವನನ್ನು ನಂಬಲಿಲ್ಲ. ಯಂತ್ರ ಕೂಗಿದ್ದು ಈಗ, ಇವನು ಬೇರೆ ಯಾವ ಅಜ್ಜಿಯನ್ನೋ ನೋಡಿದ್ದಾನೆ ಅನ್ನಿಸಿತು. ಕಾಂಪೌಂಡು, ಗಣಪತಿ ಗುಡಿ, ತಾರಸಿ ಎಲ್ಲ ಹುಡುಕಿದೆ. ಯಾರ್ಡಿನ ಕಡೆ ಹೋಗಲೇ ಇಲ್ಲ.

ಯಾರ್ಡಿನಿಂದಲೇ ಫೋನ್ ಬಂತು. ಉಳ್ಳಾಗಡ್ಡಿ ಸಾಲಿನಲ್ಲಿ, ಮಾವ ಕೂರುತ್ತಿದ್ದ ಅಂಗಡಿಯ ಎದುರಿಗೆ, ಚೀಲ ಹೇರಿದ ಕೈಗಾಡಿ ತಾಗಿ ಬಿದ್ದಿದ್ದರು. ಸೊಂಟದ ಎಲುಬು ಮುರಿದಿತ್ತು. ಬಿದ್ದದ್ದು ನಾನು ತಾರಸಿಯಲ್ಲಿದ್ದ ಹೊತ್ತಿಗೆ. ಕೈಯಲ್ಲಿ ಖಾಲಿ ಬುತ್ತಿ ಡಬ್ಬಿ ಬಿಗಿಹಿಡಿದಿದ್ದರಂತೆ.

ಒಂದು ತಿಂಗಳು ಹಾಸಿಗೆಯಲ್ಲಿದ್ದರು. "ಬುತ್ತಿ ಮುಟ್ಟಿತೇನ ಯವ್ವಾ?" ಎಂದು ಕೇಳುತ್ತಿದ್ದರು. "ಮುಟ್ಟಿತ್ರಿ ಅತ್ತಿ" ಅನ್ನುತ್ತಿದ್ದೆ. ಅಷ್ಟೇ. ಆಮೇಲೆ ಕೇಳುವವರು ಇರಲಿಲ್ಲ.

ದಿನಕರ್ಮ ಮುಗಿದ ಮೇಲೆ ಮೈದುನ ಲ್ಯಾಪ್‌ಟಾಪ್ ತೆರೆದು ಕುಳಿತ. ಅವನ ಕಣ್ಣುಗಳು ಕೆಂಪಾಗಿದ್ದವು.

"ಅಡಿಗಿಮನಿದೂ ಹಾಲ್‌ನಾಗಿಂದೂ, ಡಬ್ಬಿ ಎರಡೂ ಬಂದ್ ಇದ್ದೂ ವೈನಿ. ಬಾಗಲದ್ದು ಕರದು ಕರದು ಸುಸ್ತಾಗೇದ. ನೀವು ಒಂದು ಸಿಕ್ಕಸಿದ ಕೂಡಲೇ ದಾರಿ ಸಿಕ್ತು, ಬಾಗಲಾ ತೆರದದ ಅಂತ ಹೇಳ್ತು. ತೆರದದ್ದು ಯಾವಾಗ ಅಂತ ಹೇಳೂದನ್ನ ನಾ ಅದಕ್ಕ ಕಲಿಸಿರಲಿಲ್ಲ." ಅಂಗೈಯಿಂದ ಮುಖ ಒರೆಸಿಕೊಂಡು ಕೇಳಿದ, "ಹಾಲ್‌ನಾಗಿಂದು ಯಾರು ಆರಿಸಿದ್ರು?"

ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕೈ ಕಟ್ಟಿಸಿ ನಿಲ್ಲಿಸಿ ಕಲಿಸಿದ್ದರು. ಅತ್ತೆಯ ಫೋಟೋ ಅವನ ಬೆನ್ನ ಹಿಂದೆಯೇ ಇತ್ತು, ಹಾರ ಇನ್ನೂ ಬಾಡಿರಲಿಲ್ಲ.

"ನಾನ," ಅಂದೆ.

ಅವನು ಲ್ಯಾಪ್‌ಟಾಪ್ ಮುಚ್ಚಿದ. ಮತ್ತೆ ಆ ಮಾತು ತೆಗೆಯಲಿಲ್ಲ. ಕೆಲವು ತಿಂಗಳು ನನ್ನ ಜೊತೆ ಮಾತೇ ಆಡಲಿಲ್ಲ.

ಡಬ್ಬಿಗಳನ್ನು ಒಯ್ಯಲು ಅವನು ಬರಲಿಲ್ಲ, ನಾನೂ ಕರೆಯಲಿಲ್ಲ. ಈಗಲೂ ಸಂಜೆ ದೇವರ ದೀಪ ಹಚ್ಚಿ ಹಾಲಿಗೆ ಬಂದು ಡಬ್ಬಿಯ ಸ್ವಿಚ್ಚು ಹಚ್ಚಲು ಕೈ ಚಾಚುತ್ತೇನೆ. ಅದು ಹಚ್ಚಿಯೇ ಇರುತ್ತದೆ.